ರೆಸ್ಯೂಮೆಗೆ ಅಂಕ ಕೊಡುವ ಸಾಫ್ಟ್‌ವೇರ್: ಎರಡು ವರ್ಷ ಬಳಸಿದ ಮೇಲೆ

ಒಂದೊಂದು ಹುದ್ದೆಗೆ ನೂರಾರು ಅರ್ಜಿ ಬರುವ ಕಡೆ ಈ ಸಾಫ್ಟ್‌ವೇರ್ ತುಂಬಾ ಅನುಕೂಲ. ಒಬ್ಬರೇ ಎರಡು ಸಲ ಹಾಕಿದ ಅರ್ಜಿಯನ್ನು ಹಿಡಿಯುತ್ತದೆ, ಸಂದರ್ಶನದ ಸಮಯವನ್ನೂ ಹೊಂದಿಸಿಕೊಡುತ್ತದೆ. ಆದರೆ ಅದು ಕೊಡುವ ಅಂಕ ನೋಡಿಯೇ ಯಾರನ್ನೂ ಕೈಬಿಡಬೇಡಿ.

ಅಕೌಂಟ್ಸ್ ಹುದ್ದೆಗೆ ಬಂದ ಒಂದು ರೆಸ್ಯೂಮೆಗೆ 34 ಅಂಕ ಬಿತ್ತು. ಅನುಭವದ ಜಾಗದಲ್ಲಿ ಸೊನ್ನೆ. ಪಿಡಿಎಫ್ ತೆರೆದರೆ ಸುಮಾರು ಐದು ವರ್ಷದ ಕೆಲಸ ಕಣ್ಣಿಗೆ ಕಾಣುತ್ತದೆ! ಅದು ಎರಡು ಕಾಲಮ್ಮಿನ ರೆಸ್ಯೂಮೆ. ಸಾಫ್ಟ್‌ವೇರ್ ಎಡದಿಂದ ಬಲಕ್ಕೆ ಅಡ್ಡಡ್ಡ ಓದಿಕೊಂಡು ಹೋಗಿ, ಕಂಪನಿಯ ಹೆಸರು ಒಂದು ಕಡೆ, ತಾರೀಕು ಇನ್ನೊಂದು ಕಡೆ ಮಾಡಿತ್ತು. ಇದನ್ನು ಪತ್ತೆಹಚ್ಚುವುದು ಸುಲಭ: ಪಿಡಿಎಫ್‌ನಲ್ಲಿ Ctrl+A, Ctrl+C ಒತ್ತಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಸಾಲುಗಳು ಕಲಸಿಹೋಗಿದ್ದರೆ ಸಾಫ್ಟ್‌ವೇರ್ ಓದಿದ್ದೂ ಹಾಗೆಯೇ ಇರಬಹುದು. ಏನೂ ಅಂಟದಿದ್ದರೆ ಅದು ಬಹುಶಃ ಸ್ಕ್ಯಾನ್ ಮಾಡಿದ ಚಿತ್ರ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕನ್ನಡವಾದರೆ PÀ£ÀßqÀ ಎಂಬಂಥ ಅಕ್ಷರಗಳು ಬೀಳುತ್ತವೆ.

ಇನ್ನೊಂದು ಪೆಟ್ಟು ಪದಗಳಿಂದ. ನಾವು ಕೇಳಿದ್ದು "ಜಿಎಸ್‌ಟಿ ರಿಟರ್ನ್ ಫೈಲಿಂಗ್". ಅಭ್ಯರ್ಥಿ ಬರೆದಿದ್ದು GSTR-1, GSTR-3B ಎಂಬ ರಿಟರ್ನ್‌ಗಳ ಹೆಸರು, ಮತ್ತು ಖರೀದಿ ಲೆಕ್ಕವನ್ನು GSTR-2B ಪಟ್ಟಿಯ ಜೊತೆ ತಾಳೆ ನೋಡಿದ್ದು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಪ್ಪದಂತೆ ನೋಡಿಕೊಳ್ಳುವ ಕೆಲಸವೇ ಅದು. ನಮಗೆ ಬೇಕಾದದ್ದನ್ನೇ ಇನ್ನೂ ಬಿಡಿಸಿ ಹೇಳಿದ್ದಕ್ಕೆ ಅಂಕ ಹೋಗಿದೆ ಅಂದರೆ ಬೇಜಾರಾಗುತ್ತದೆ.

ಇಂಥ ಕಡೆ ಮ್ಯಾನೇಜರಿಗೆ "ಅಭ್ಯರ್ಥಿ ಚೆನ್ನಾಗಿದ್ದಾರೆ" ಎಂದು ಬರೆದರೆ ಕೆಲಸ ಆಗುವುದಿಲ್ಲ. ಎಲ್ಲಿ ತಪ್ಪಾಗಿದೆ, ಪುಟದಲ್ಲಿ ಎಲ್ಲಿ ನೋಡಬೇಕು ಎಂದು ತೋರಿಸಬೇಕು:

"ಮೇಡಂ, ಈ ರೆಸ್ಯೂಮೆಗೆ 34 ಬಂದಿದೆ. ಅನುಭವ ಸೊನ್ನೆ ಎಂದಿರುವುದು ಕಾಲಮ್ ಕಲಸಿದ್ದರಿಂದ. ಮೊದಲ ಪುಟದ ಬಲಗಡೆ ಜೂನ್ 2019ರಿಂದ ಮಾರ್ಚ್ 2024ರವರೆಗೆ ಇದೆ. ಎರಡನೇ ಪುಟದ ಮೊದಲ ಸಾಲಿನಲ್ಲಿ 2B ತಾಳೆ ಕೆಲಸ ಇದೆ. ಟಿಡಿಎಸ್ ಬಗ್ಗೆ ಏನೂ ಬರೆದಿಲ್ಲ, ಅದನ್ನು ಫೋನಿನಲ್ಲಿ ಕೇಳಬೇಕು. ಆಯ್ಕೆ ಮಾಡಿ ಅನ್ನುತ್ತಿಲ್ಲ, ಈ ಎರಡು ಪುಟ ನೀವೇ ಒಮ್ಮೆ ಓದಿ ಹೇಳಿ."

ಟಿಡಿಎಸ್ ಸಾಲನ್ನು ಬಿಡಬೇಡಿ. ಕೊರತೆಯನ್ನು ನಾವೇ ಹೇಳಿದರೆ ಉಳಿದ ಮಾತಿಗೆ ಬೆಲೆ ಬರುತ್ತದೆ. ಪಕ್ಕದಲ್ಲಿ ನೋಟ್‌ಪ್ಯಾಡಿನ ಸ್ಕ್ರೀನ್‌ಶಾಟ್ ಇರಲಿ.

ಕಡಿಮೆ ಅಂಕದ ಎಲ್ಲರಿಗೂ ಹೀಗೆ ಬರೆಯಲು ಆಗದು. ಅನುಭವ ಸೊನ್ನೆ ಎಂದಿರುವ, ಇಲ್ಲವೇ ಅರ್ಧದಷ್ಟು ವಿವರ ಖಾಲಿ ಬಂದಿರುವ ಅರ್ಜಿಗಳನ್ನು ಮಾತ್ರ ತೆರೆದು ನೋಡಿ. ಬೇಕೇಬೇಕಾದ ಕೆಲಸ ನಿಜವಾಗಿಯೂ ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಒಂದು ಸಮಾಧಾನ ಎಂದರೆ ಹುದ್ದೆಯ ಪದಪಟ್ಟಿಯನ್ನು ನಾವೇ ತಿದ್ದಬಹುದು. GSTR-1, GSTR-3B, GSTR-2B ಸೇರಿಸಿ ಹಳೆಯ ಅರ್ಜಿಗಳಿಗೆ ಮತ್ತೆ ಅಂಕ ಹಾಕಿಸಿ. ಕಾಲಮ್ಮಿನ ತೊಂದರೆ ಇದರಿಂದ ಹೋಗದು, ಅದಕ್ಕೆ ಅಭ್ಯರ್ಥಿಯಿಂದ ಒಂದೇ ಕಾಲಮ್ಮಿನ ವರ್ಡ್ ಫೈಲನ್ನು ಕೇಳಿ ತರಿಸಿಕೊಳ್ಳಬೇಕು.