ಮೂರು ಮಳೆಗಾಲ ಕಂಡ ಕಾಫಿ-ಟೀ ಬಾಯ್ಲರ್: ಹದ, ನಿಗಾ ಮತ್ತು ಲೋಟವೊಂದರ ಖರ್ಚು

ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿರುವ ನಮ್ಮ ಉಪಾಹಾರ ಗೃಹದಲ್ಲಿ ದಿನವೊಂದಕ್ಕೆ ಸರಾಸರಿ 200 ಕಾಫಿ ಮತ್ತು 150 ಟೀ ಖರ್ಚಾಗುತ್ತವೆ. ಅದರಲ್ಲಿ ಅರ್ಧದಷ್ಟು ಬೆಳಗಿನ ಆರರಿಂದ ಒಂಬತ್ತರೊಳಗೆ, ಸಾಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳು ಹೊರಡುವ ಹೊತ್ತಿಗೆ ಮುಗಿದುಹೋಗುತ್ತದೆ. ಈ ನೂಕುನುಗ್ಗಲಿಗಾಗಿಯೇ ಮೂರು ವರ್ಷಗಳ ಹಿಂದೆ ಗ್ಯಾಸಿನಿಂದ ನಡೆಯುವ ಸ್ಟೀಲ್ ಬಾಯ್ಲರ್ ಒಂದನ್ನು ಕೊಂಡೆವು. ಹೊರಗಿನ ದೊಡ್ಡ ಪಾತ್ರೆಯಲ್ಲಿ 15 ಲೀಟರ್ ನೀರು ಕಾಯುತ್ತಿರುತ್ತದೆ. ಆ ನೀರಿನೊಳಗೆ ಹಾಲಿನ ಪಾತ್ರೆಯೂ ಡಿಕಾಕ್ಷನ್ ಪಾತ್ರೆಯೂ ಕುಳಿತಿರುತ್ತವೆ. ಮುಂದೆ ಹಾಲಿಗೊಂದು, ಬಿಸಿನೀರಿಗೊಂದು ನಲ್ಲಿ. ಮೇಲ್ಭಾಗದಲ್ಲಿ ಆವಿ ಹೊರಹೋಗಲು ದಾರಿಯಿರುವುದರಿಂದ ಒತ್ತಡ ಕಟ್ಟಿಕೊಳ್ಳುವ ಭಯವಿಲ್ಲ. ವಿದ್ಯುತ್ತಿನ ಮಾದರಿ ನೋಡಲು ಚೆನ್ನಾಗಿತ್ತಾದರೂ, ಮಲೆನಾಡಿನಲ್ಲಿ ಜೂನ್ ಬಂದರೆ ಮರ ಬಿದ್ದು ತಂತಿ ಹರಿಯುವುದು ಮಾಮೂಲಿಯಾದ್ದರಿಂದ ಅದರ ಯೋಚನೆಯನ್ನು ಬಿಟ್ಟೆವು.

ಈ ಬಾಯ್ಲರ್ ಹಾಲನ್ನು ಕುದಿಸುವುದಿಲ್ಲ ಎಂಬುದನ್ನು ಕೊಳ್ಳುವವರು ಮೊದಲು ತಿಳಿದಿರಬೇಕು. ಮಾರುವವರು ಅದನ್ನು ಒತ್ತಿ ಹೇಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆ ನೀರಿನಿಂದ ಬಿಸಿ ಪಡೆಯುವ ಹಾಲು 90 ಡಿಗ್ರಿ ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ನಾವು ಹಾಲನ್ನು ಬೇರೆ ಒಲೆಯ ಮೇಲೆ ಒಂದು ಉಕ್ಕು ಬರುವವರೆಗೆ ಕಾಯಿಸಿ, ಅನಂತರ ಬಾಯ್ಲರಿಗೆ ಸುರಿಯುತ್ತೇವೆ. ಬಾಯ್ಲರಿನ ಕೆಲಸ ಅದನ್ನು ತಳ ಹಿಡಿಯದಂತೆ, ಬತ್ತದಂತೆ ಕಾಪಾಡುವುದಷ್ಟೇ. ಇದು ಸಣ್ಣ ಕೆಲಸವೆನಿಸಬಹುದು. ಆದರೆ ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟ ಹಾಲು ಎಂಟು ಗಂಟೆಯ ಹೊತ್ತಿಗೆ ಗಟ್ಟಿಯಾಗುತ್ತದೆ, ಯಾರೋ ಅದಕ್ಕೆ ಅಂದಾಜಿನಲ್ಲಿ ನೀರು ಬೆರೆಸುತ್ತಾರೆ, ಅಲ್ಲಿಂದ ಮುಂದೆ ಒಂದು ಲೋಟದಂತೆ ಇನ್ನೊಂದಿರುವುದಿಲ್ಲ. ಹಾಲು ಕಾಲುಪಾತ್ರೆಗಿಂತ ಕೆಳಗಿಳಿದಾಗ ಮಾತ್ರ ಒಳಗೋಡೆಗೆ ಅಂಟಿದ ಕೆನೆ ಒಣಗಿ ಸೀದ ವಾಸನೆ ಕೊಡುತ್ತದೆ. ಮಧ್ಯಾಹ್ನದ ನಂತರ ನಾವು ಚಿಕ್ಕ ಪಾತ್ರೆಯನ್ನು ಇಳಿಸುತ್ತೇವೆ.

ಡಿಕಾಕ್ಷನ್ನಿಗೆ ಬಾಯ್ಲರಿನಲ್ಲಿ ಕೊಟ್ಟಿರುವ ಸ್ಥಾನದ ಬಗ್ಗೆ ನನಗೆ ಸಮಾಧಾನವಿಲ್ಲ. ಅಲ್ಲಿಟ್ಟ ಡಿಕಾಕ್ಷನ್ 85 ಡಿಗ್ರಿ ದಾಟುತ್ತದೆ, ಗಂಟೆಯೊಳಗೆ ಪರಿಮಳ ಕಳೆದುಕೊಂಡು ಕಹಿಯಾಗುತ್ತದೆ. ನಾವು ಅದನ್ನು ಮುಚ್ಚಳವಿರುವ ಸ್ಟೀಲ್ ಪಾತ್ರೆಯಲ್ಲಿ ಬಾಯ್ಲರಿನ ಮೇಲ್ತಟ್ಟೆಯ ಮೇಲೆ ಇಡುತ್ತೇವೆ. ಅಲ್ಲಿ ಅದು 60 ಡಿಗ್ರಿಯಷ್ಟು ಬೆಚ್ಚಗಿರುತ್ತದೆ, 90 ಡಿಗ್ರಿಯ ಹಾಲು ಸೇರಿದಾಗ ಕಾಫಿ ಬೇಕಾದಷ್ಟು ಬಿಸಿಯಾಗಿಯೇ ಗಿರಾಕಿಯ ಕೈ ಸೇರುತ್ತದೆ. ಹೀಗಿಟ್ಟರೂ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಬಳಸುವುದಿಲ್ಲ.

ಡಿಕಾಕ್ಷನ್ ಇಳಿಸುವುದಕ್ಕೆ ದೊಡ್ಡ ಸ್ಟೀಲ್ ಫಿಲ್ಟರನ್ನೇ ಬಳಸುತ್ತೇವೆ. ಒಂದು ಸಲಕ್ಕೆ ಅರ್ಧ ಕೆ.ಜಿ. ಪುಡಿ, ಬಾಯ್ಲರಿನ ನಲ್ಲಿಯಿಂದ ಹಿಡಿದ ಮೂರು ಲೀಟರ್ ಬಿಸಿನೀರು. ಪುಡಿಯನ್ನು ಸಮತಟ್ಟು ಮಾಡಿ, ಮೇಲೊತ್ತುವ ತಟ್ಟೆಯನ್ನು ಅದರ ಭಾರಕ್ಕೆ ತಕ್ಕಷ್ಟೇ ಕೂರಿಸಿ, ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ, ಅದು ಉಬ್ಬಿ ನಿಂತ ಮೇಲೆ ಉಳಿದದ್ದನ್ನು ಸುತ್ತಲೂ ಸುರಿಯಬೇಕು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು ಎರಡು ಲೀಟರ್. ಇದು 20ರಿಂದ 25 ನಿಮಿಷಗಳಲ್ಲಿ ಇಳಿದರೆ ಹದ ಸರಿಯಿದೆ ಎಂದರ್ಥ. ಹತ್ತೇ ನಿಮಿಷದಲ್ಲಿ ಇಳಿದರೆ ಪುಡಿ ದಪ್ಪವಾಗಿದೆ, ಇಲ್ಲವೇ ನೀರು ಒಂದು ಬದಿಯಲ್ಲಿ ದಾರಿ ಮಾಡಿಕೊಂಡಿದೆ; ಚರಟವನ್ನು ಕೊಡವಿದಾಗ ಒಣಗಿದ ಗಂಟು ಸಿಕ್ಕರೆ ಅದೇ ಸಾಕ್ಷಿ. ಮುಕ್ಕಾಲು ಗಂಟೆ ಹಿಡಿದರೆ ಪುಡಿ ಥಂಡಿ ಹೀರಿರುತ್ತದೆ, ಅಥವಾ ಫಿಲ್ಟರಿನ ತೂತುಗಳು ಕಟ್ಟಿರುತ್ತವೆ. ನಮ್ಮ ಕಡೆಯ ಮಳೆಗಾಲದಲ್ಲಿ ತೆರೆದ ಪೊಟ್ಟಣದ ಪುಡಿ ಎರಡೇ ದಿನಕ್ಕೆ ಗಂಟುಕಟ್ಟುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಕೆ.ಜಿ. ಪೊಟ್ಟಣಗಳನ್ನೇ ತರಿಸಿ ಒಂದು ಸಲಕ್ಕೆ ಒಂದರಂತೆ ಪೂರ್ತಿ ಖಾಲಿ ಮಾಡುತ್ತೇವೆ.

ಬಣ್ಣ ನೋಡಿ ಹದ ಹೇಳುವ ಅಭ್ಯಾಸವನ್ನು ನಮ್ಮ ಕಾಫಿ ಮಾಸ್ಟರ್ ಬಿಟ್ಟಿದ್ದಾರೆ. ಚಿಕೋರಿ ಹೆಚ್ಚಿದ್ದಷ್ಟೂ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಕಾಣುತ್ತದೆ. ಕಾಫಿಯ ರುಚಿ ಅಷ್ಟಿರಬೇಕೆಂದೇನೂ ಇಲ್ಲ. ಆಹಾರ ಸುರಕ್ಷತಾ ನಿಯಮದಂತೆ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆಯಿರುವಂತಿಲ್ಲ ಎಂಬುದನ್ನು ಬಿಟ್ಟರೆ ಉಳಿದದ್ದು ಕೊಳ್ಳುವವರ ಆಯ್ಕೆ. ನಾವು ಶೇ. 20 ಚಿಕೋರಿಯಿರುವುದನ್ನು ತರುತ್ತೇವೆ, ಅದನ್ನು ಬದಲಿಸುವುದಿಲ್ಲ.

ಎರಡನೇ ಡಿಕಾಕ್ಷನ್ ವಿಚಾರದಲ್ಲಿ ಹೋಟೆಲಿನವರಲ್ಲಿ ಒಮ್ಮತವಿಲ್ಲ. ಅದೇ ಚರಟಕ್ಕೆ ಇನ್ನೂ 800 ಮಿಲಿಲೀಟರ್ ನೀರು ಹಾಕಿ, ಇಳಿದದ್ದನ್ನು ಮೊದಲನೆಯದಕ್ಕೆ ಬೆರೆಸಿ, ಲೋಟಕ್ಕೆ 30ರ ಬದಲು 35 ಮಿಲಿಲೀಟರ್ ಹಾಕಿದರೆ 66 ಲೋಟಗಳ ಜಾಗದಲ್ಲಿ 80 ಸಿಗುತ್ತವೆ. ಲೋಟವೊಂದಕ್ಕೆ 80 ಪೈಸೆ ಉಳಿಯುತ್ತದೆ. ಪ್ರತಿ ಸಲವೂ, ಬಡಿಸುವ ಮೊದಲೇ ಬೆರೆಸುವುದಾದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಮೊದಲನೆಯದು ಮುಗಿಯುತ್ತ ಬಂದಾಗ ಎರಡನೆಯದನ್ನು ಸುರಿಯುವ ಪದ್ಧತಿಯಿದ್ದರೆ, ಏಳು ಗಂಟೆಗೆ ಕುಡಿದವನಿಗೂ ಎಂಟಕ್ಕೆ ಕುಡಿದವನಿಗೂ ಬೇರೆ ಬೇರೆ ಅಂಗಡಿಯ ಕಾಫಿ ಸಿಕ್ಕಂತಾಗುತ್ತದೆ. ನಾವು ಎರಡನೆಯದನ್ನು ಇಳಿಸುವುದೇ ಇಲ್ಲ.

ಟೀ ಅಷ್ಟು ಸೂಕ್ಷ್ಮವಲ್ಲ. ಡಸ್ಟ್ ಪುಡಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕುದಿನೀರಿನಲ್ಲಿ ಐದು ನಿಮಿಷ ಬಿಟ್ಟು ಚೀಲವನ್ನು ಎತ್ತಿಬಿಡಬೇಕು. ಒಳಗೇ ಬಿಟ್ಟರೆ ಒಗರು ಏರುತ್ತಲೇ ಹೋಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಹೊಸದು ಮಾಡುತ್ತೇವೆ.

ಇನ್ನು ಯಂತ್ರದ ನಿಗಾ. ಮೂರು ವರ್ಷಗಳಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಹಾಲಿನ ನಲ್ಲಿ. ಅದರ ತಿರುಗುವ ಭಾಗದ ಹಿಂದೆ ಒಂದು ಚಮಚದಷ್ಟು ಹಾಲು ಸದಾ ನಿಂತಿರುತ್ತದೆ. ರಾತ್ರಿ ಪಾತ್ರೆಯನ್ನು ಎಷ್ಟೇ ಚೆನ್ನಾಗಿ ತೊಳೆದರೂ ನಲ್ಲಿಯನ್ನು ಬಿಚ್ಚದಿದ್ದರೆ ಆ ಹಾಲು ಹುಳಿಯಾಗಿ, ಬೆಳಗಿನ ಮೊದಲ ಲೋಟದಲ್ಲಿ ಸಣ್ಣ ಸಣ್ಣ ಒಡಕಿನ ಕಣಗಳಾಗಿ ತೇಲುತ್ತದೆ. ಹಾಲು ಕೆಟ್ಟಿದೆಯೆಂದು ಡೈರಿಯನ್ನು ದೂರುವ ಮೊದಲು ಪಾತ್ರೆಯೊಳಗಿನ ಹಾಲನ್ನು ಮೇಲಿನಿಂದ ಸೌಟಿನಲ್ಲಿ ತೆಗೆದು ನೋಡಬೇಕು. ಅದು ಸರಿಯಿದ್ದರೆ ದೋಷ ನಲ್ಲಿಯದು. ನಾವು ಪ್ರತಿ ರಾತ್ರಿ ಅದನ್ನು ಬಿಚ್ಚಿ, ಒಳಗನ್ನು ಬಾಟಲಿ ತೊಳೆಯುವ ಸಣ್ಣ ಬ್ರಷ್ಷಿನಿಂದ ಉಜ್ಜಿ, ಬಿಡಿಭಾಗಗಳನ್ನು ಒಣಗಲು ಬಿಡುತ್ತೇವೆ. ಸೀಲಿನ ಉಂಗುರ ಸವೆದು ತೊಟ್ಟಿಕ್ಕತೊಡಗಿದಾಗ ಮಾರಾಟಗಾರರು ಬಿಡಿಭಾಗ ಕಳಿಸಲು ವಾರಗಟ್ಟಲೆ ಸತಾಯಿಸಿದರು. ಹೊಸ ಯಂತ್ರ ತರುವಾಗಲೇ ನಾಲ್ಕಾರು ಉಂಗುರಗಳನ್ನು ತೆಗೆದಿರಿಸಿಕೊಳ್ಳುವುದು ಲೇಸು.

ಹಾಲಿನ ಪಾತ್ರೆಗೆ ಮೊದಲು ತಣ್ಣೀರನ್ನೇ ಹಾಕಬೇಕು. ಬಿಸಿನೀರು ಹಾಲಿನ ಅಂಶವನ್ನು ಗೋಡೆಗೆ ಇನ್ನಷ್ಟು ಭದ್ರವಾಗಿ ಅಂಟಿಸುತ್ತದೆ. ತಣ್ಣೀರಿನ ನಂತರ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು. ಹೊರಪಾತ್ರೆಯ ಸಮಸ್ಯೆ ಬೇರೆ. ತುಂಗಾ ನದಿಯ ನಲ್ಲಿ ನೀರು ಬಂದ ದಿನ ಚಿಂತೆಯಿಲ್ಲ, ಬೋರ್‌ವೆಲ್ ನೀರು ತುಂಬಿಸಿದ ಬೇಸಗೆಯಲ್ಲಿ ತಳದ ಮೇಲೆ ಬಿಳಿಯ ಸುಣ್ಣದ ಪದರ ಕೂರುತ್ತದೆ. ಬೆಳಗ್ಗೆ ನೀರು ಕುದಿಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ತಳದಿಂದ ಗುಡುಗುಡು ಸದ್ದು ಬರುವುದು ಅದರ ಗುರುತು. ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಬೆರೆಸಿ, ಬಿಸಿಯಾಗಿಯೇ ಒಂದು ಗಂಟೆ ಬಿಟ್ಟು, ಎರಡು ಮೂರು ಸಲ ತೊಳೆದರೆ ಪದರ ಕರಗಿಹೋಗುತ್ತದೆ. ಶೌಚಾಲಯಕ್ಕೆ ಬಳಸುವ ಆ್ಯಸಿಡ್ಡನ್ನಾಗಲಿ, ಹಿತ್ತಾಳೆಗೆ ಹಾಕುವಂತೆ ಉಪ್ಪು-ಹುಣಸೆಯನ್ನಾಗಲಿ ಸ್ಟೀಲಿಗೆ ಹಚ್ಚಿ ಬಿಡಬಾರದು. ಅವುಗಳಲ್ಲಿರುವ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ಗುಳಿಗಳನ್ನು ಕೊರೆಯುತ್ತದೆ, ಸೋರಿಕೆ ಅಲ್ಲಿಂದಲೇ ಶುರು. ಫಿಲ್ಟರಿನ ತಟ್ಟೆಯನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಕಟ್ಟಿರುವ ತೂತು ಕಂಡರೆ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇವೆ.

ಖರ್ಚಿನ ಲೆಕ್ಕವನ್ನು ನಮ್ಮ ಈಚಿನ ಬಿಲ್ಲುಗಳ ಮೇಲೆ ಹೇಳುತ್ತೇನೆ. ನಮ್ಮ ಕಾಫಿಗೆ 30 ಮಿಲಿಲೀಟರ್ ಡಿಕಾಕ್ಷನ್, 85 ಮಿಲಿಲೀಟರ್ ಹಾಲು. ಕೆ.ಜಿ.ಗೆ 640 ರೂಪಾಯಿಯ ಪುಡಿ ಏಳೂವರೆ ಗ್ರಾಂ ಬೀಳುವುದರಿಂದ ಪುಡಿಗೆ 4.80 ರೂ.; ಲೀಟರಿಗೆ 48ರಂತೆ ಹಾಲಿಗೆ 4.08, ಸಕ್ಕರೆಗೆ 36 ಪೈಸೆ. ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರ್ ನಮಗೆ ಎಂಟು ದಿನ ಬರುತ್ತದೆ, ಅಂದರೆ 1,800 ರೂಪಾಯಿಗೆ 2,800 ಲೋಟ, ಲೋಟಕ್ಕೆ 65 ಪೈಸೆ. ಯಂತ್ರದ ಬೆಲೆ 38,000 ರೂಪಾಯಿಯನ್ನೂ ರಿಪೇರಿಯನ್ನೂ ಮೂರು ವರ್ಷಕ್ಕೆ ಹಂಚಿದರೆ 15 ಪೈಸೆ ಮೀರುವುದಿಲ್ಲ. ಚೆಲ್ಲಿದ್ದು, ಉಳಿದದ್ದಕ್ಕೆ 30 ಪೈಸೆ ಸೇರಿಸಿದರೆ ಒಟ್ಟು 10.34 ರೂ. ಟೀಗೆ ಪುಡಿ 90 ಪೈಸೆ, ಹಾಲು 2.64, ಸಕ್ಕರೆ, ಶುಂಠಿ, ಗ್ಯಾಸ್ ಎಲ್ಲ ಕೂಡಿ ಐದು ರೂಪಾಯಿಯ ಆಸುಪಾಸು. ಸಂಬಳ ಮತ್ತು ಬಾಡಿಗೆ ಇದರಲ್ಲಿ ಸೇರಿಲ್ಲ.

ಈ ಅಂಕಿಗಳನ್ನು ನೋಡಿದರೆ ಗ್ಯಾಸ್ ಉಳಿತಾಯದ ಜಾಹೀರಾತಿಗೆ ಮರುಳಾಗಬೇಕಾಗಿಲ್ಲ ಎಂಬುದು ತಿಳಿಯುತ್ತದೆ. ಗ್ಯಾಸಿನಲ್ಲಿ ಹತ್ತರಲ್ಲೊಂದು ಪಾಲು ಉಳಿಸಿದರೂ ಲೋಟಕ್ಕೆ ಸಿಗುವುದು ಆರೇಳು ಪೈಸೆ. ಡಿಕಾಕ್ಷನ್ ಐದು ಮಿಲಿಲೀಟರ್ ಹೆಚ್ಚು ಬಿದ್ದರೆ ಹೋಗುವುದು 80 ಪೈಸೆ. 200 ಲೋಟಕ್ಕೆ ದಿನಕ್ಕೆ 160, ತಿಂಗಳಿಗೆ 4,800 ರೂಪಾಯಿ. ಬಾಯ್ಲರಿನಿಂದ ನಿಜವಾದ ಲಾಭವಿರುವುದು ಇಲ್ಲಿಯೇ: ಹಾಲು ದಿನವಿಡೀ ಒಂದೇ ಹದದಲ್ಲಿದ್ದರೆ ಮಾತ್ರ 30 ಮಿಲಿಲೀಟರಿನ ಅಳತೆಯ ಸೌಟನ್ನು ನಂಬಿ ಕೈಯಂದಾಜನ್ನು ನಿಲ್ಲಿಸಲು ಸಾಧ್ಯ. "ಹಾಲು ನೀರಾದ್ರೆ ಡಿಕಾಕ್ಷನ್ ಜಾಸ್ತಿ ಹಾಕ್ಲೇಬೇಕಲ್ಲ ಸಾರ್" ಎಂದು ನಮ್ಮ ಮಾಸ್ಟರ್ ಹಿಂದೆ ಹೇಳುತ್ತಿದ್ದುದರಲ್ಲಿ ಸತ್ಯವಿತ್ತು.

ದಿನಕ್ಕೆ 150 ಲೋಟಕ್ಕಿಂತ ಕಡಿಮೆ ವ್ಯಾಪಾರವಿರುವವರಿಗೆ ಇದು ಬೇಡ; ಖಾಲಿ ಹೊತ್ತಿನಲ್ಲಿಯೂ 15 ಲೀಟರ್ ನೀರನ್ನು ಕಾಯಿಸುತ್ತಲೇ ಇರಬೇಕಾಗುತ್ತದೆ. ಅವರಿಗೆ ಎರಡು ಮಧ್ಯಮ ಫಿಲ್ಟರ್ ಮತ್ತು ಒಳ್ಳೆಯ ಫ್ಲಾಸ್ಕ್ ಸಾಕು. ಕೊಳ್ಳುವುದೇ ಆದರೆ ಸ್ಟೀಲ್ 304 ದರ್ಜೆಯದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸುವುದನ್ನು ನಂಬಬಾರದು. ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ನಲ್ಲಿಯನ್ನು ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಲು ಬರುತ್ತದೆಯೇ ಎಂಬುದನ್ನೂ ಅಂಗಡಿಯಲ್ಲಿಯೇ ಬಿಚ್ಚಿ ನೋಡಿಕೊಳ್ಳಬೇಕು, ಏಕೆಂದರೆ ರಾತ್ರಿ ಹತ್ತಕ್ಕೆ ಪಾನಾ ಹುಡುಕಿ ನಲ್ಲಿ ತೊಳೆಯುವ ಕೆಲಸಗಾರ ಯಾವ ಹೋಟೆಲಿನಲ್ಲಿಯೂ ಸಿಗುವುದಿಲ್ಲ.