ಬೆಂಜೊಯಿನ್, ಫ್ರಾಂಕಿನ್ಸೆನ್ಸ್, ಲೋಬಾನ: ಒಂದೇ ಬಗೆಯ ಕೆಂಡ, ಮೂರು ಬಗೆಯ ಹೊಗೆ

ಈ ಮೂರು ರಾಳಗಳನ್ನು ನಾನು ಸುಮಾರು 30 ಘನ ಮೀಟರ್ ಗಾಳಿ ಹಿಡಿಯುವ ಒಂದೇ ಕೋಣೆಯಲ್ಲಿ, ಒಂದೇ ಅಳತೆಯ ಇದ್ದಿಲಿನ ಬಿಲ್ಲೆಗಳ ಮೇಲೆ, ಪ್ರತಿ ಸಲವೂ ಅರ್ಧ ಗ್ರಾಂ ತೂಗಿ ಹಾಕಿ ಹೋಲಿಸಿದ್ದೇನೆ. ಅರ್ಧ ಗ್ರಾಂ ಎಂದರೆ ಒಂದು ಕಡಲೆಕಾಳಿನಷ್ಟು ತುಣುಕು. ಬಹುಮಂದಿ ಹಾಕುವುದು ಇದರ ನಾಲ್ಕೈದು ಪಟ್ಟು, ಮತ್ತು ರಾಳದ ಮೇಲೆ ಬರುವ ದೂರುಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟುತ್ತವೆ. ಪರಿಮಳದ ಪರೀಕ್ಷೆಯನ್ನು ಕಿಟಕಿಗಳನ್ನು ತೆರೆದಿಟ್ಟು ಮಾಡಿದೆ. ಇಂಗಾಲದ ಮೊನಾಕ್ಸೈಡ್ ಅಳೆಯುವಾಗ ಮಾತ್ರ ಕೋಣೆಯನ್ನು ಮುಚ್ಚಿ, ಗರಿಷ್ಠ ಅಂಕಿಯನ್ನು ನೆನಪಿಟ್ಟುಕೊಳ್ಳುವ ಮಾಪಕವನ್ನು ಒಳಗೆ ಬಿಟ್ಟು, ನಾನು ಹೊರಗೆ ಉಳಿದೆ.

ಹೋಲಿಕೆಗೆ ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅರಬ್ಬಿಯಲ್ಲಿ ಲುಬಾನ್ ಎಂದರೆ ಫ್ರಾಂಕಿನ್ಸೆನ್ಸ್, ಅಂದರೆ ಒಮಾನ್, ಯೆಮೆನ್, ಸೊಮಾಲಿಯಾ ಕಡೆಯ ಬಾಸ್ವೆಲಿಯಾ ಮರಗಳ ತೊಗಟೆಯನ್ನು ಗೀರಿದಾಗ ಒಸರಿ ಗಟ್ಟಿಯಾಗುವ ಅಂಟುರಾಳ. ಆಗ್ನೇಯ ಏಷ್ಯಾದ ಸ್ಟೈರಾಕ್ಸ್ ಮರಗಳ ರಾಳವನ್ನು ಅರಬರು ‘ಲುಬಾನ್ ಜಾವಿ’, ಜಾವಾದ ಲುಬಾನ್, ಎಂದು ಕರೆದರು. ಯುರೋಪಿನ ಬಾಯಿಗಳಲ್ಲಿ ಅದೇ ಸವೆದು ಬೆಂಜೊಯಿನ್ ಆಯಿತು. ಹಾಗಾಗಿ ಲೋಬಾನ ಎಂಬ ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಎರಡರಲ್ಲಿ ಯಾವುದೂ ಇರಬಹುದು, ಎರಡರ ಮಿಶ್ರಣವೂ ಇರಬಹುದು. ನಾನು ತಂದ ಎರಡು ಲೋಬಾನದ ಪೊಟ್ಟಣಗಳಲ್ಲಿ ಒಂದು ಫ್ರಾಂಕಿನ್ಸೆನ್ಸ್ ಆಗಿತ್ತು. ಇನ್ನೊಂದು ಸುಮಾತ್ರಾದ ಬೆಂಜೊಯಿನ್ ಗಟ್ಟಿ, ಕಂದು ಮೈಯಲ್ಲಿ ಬಿಳಿಯ ಚೂರುಗಳೂ ತೊಗಟೆಯ ತುಂಡುಗಳೂ ಸಿಕ್ಕಿಕೊಂಡಿರುವಂಥದ್ದು.

ಇದನ್ನು ತಿಳಿಯಲು ಕೆಂಡ ಬೇಕಿಲ್ಲ, ನೀರು ಸಾಕು. ತುಣುಕನ್ನು ಪುಡಿಮಾಡಿ ಸ್ವಲ್ಪ ನೀರಿನಲ್ಲಿ ಬೆರಳಿನಿಂದ ಉಜ್ಜಿದರೆ ಫ್ರಾಂಕಿನ್ಸೆನ್ಸ್ ಹಾಲಿನಂತೆ ಬೆಳ್ಳಗಾಗುತ್ತದೆ, ಏಕೆಂದರೆ ಅದರಲ್ಲಿ ಸರಿಸುಮಾರು ಕಾಲು ಭಾಗ ನೀರಿನಲ್ಲಿ ಕರಗುವ ಗೋಂದು ಇರುತ್ತದೆ ಮತ್ತು ಆ ಗೋಂದು ರಾಳದ ಸಣ್ಣ ಕಣಗಳನ್ನು ನೀರಿನಲ್ಲಿ ತೇಲಿಸಿ ಹಿಡಿಯುತ್ತದೆ. ಬೆಂಜೊಯಿನ್‌ನಲ್ಲಿ ಅಂಥ ಗೋಂದು ಇಲ್ಲದ ಕಾರಣ ಪುಡಿ ಪುಡಿಯಾಗಿಯೇ ತಳದಲ್ಲಿ ಕೂರುತ್ತದೆ. ಕೆಂಡದ ಮೇಲೆ ಎರಡೂ ಬೇರೆ ಬೇರೆಯಾಗಿ ನಡೆದುಕೊಳ್ಳುವುದಕ್ಕೂ ಇದೇ ಮೂಲಕಾರಣ: ಗೋಂದು ಕರಗುವುದಿಲ್ಲ, ಕರಕಲಾಗುತ್ತದೆ, ಬರಿಯ ರಾಳ ಕರಗಿ ಹರಿಯುತ್ತದೆ.

ಫ್ರಾಂಕಿನ್ಸೆನ್ಸ್ ತುಣುಕನ್ನು ಬೂದಿ ಕಟ್ಟಿದ ಕೆಂಡದ ಮೇಲೆ ಇಟ್ಟಾಗ ಮೊದಲ ಒಂದೆರಡು ನಿಮಿಷ ನಿಂಬೆ ಸಿಪ್ಪೆಯನ್ನೂ ಪೈನ್ ಮರವನ್ನೂ ನೆನಪಿಸುವ ಹಗುರವಾದ ಪರಿಮಳ ಬರುತ್ತದೆ, ಏಕೆಂದರೆ ಬೇಗ ಆವಿಯಾಗುವ ಎಣ್ಣೆಗಳು ಮೊದಲು ಹೊರಡುತ್ತವೆ. ಆಮೇಲೆ ನಾಲ್ಕೈದು ನಿಮಿಷ ಗಂಭೀರವಾದ ರಾಳದ ವಾಸನೆ, ಅದೂ ಮುಗಿದ ಮೇಲೆ ಸುಟ್ಟ ಸಕ್ಕರೆಯಂಥ ಕಮರು. ಆ ಕೊನೆಯ ಘಟ್ಟದಲ್ಲಿ ಉರಿಯುತ್ತಿರುವುದು ಪರಿಮಳವಲ್ಲ, ಗೋಂದು. ಹೊಗೆಯ ಬಣ್ಣ ನೀಲಿ ಬಿಳುಪಿನಿಂದ ಹಳದಿ ಬೂದಿಗೆ ತಿರುಗಿದೊಡನೆ ಉಳಿದ ಕಪ್ಪು ಗಡ್ಡೆಯನ್ನು ಇಕ್ಕಳದಿಂದ ಎತ್ತಿ ನೀರಿಗೆ ಹಾಕಿದರೆ ಈ ಘಟ್ಟವನ್ನು ಪೂರ್ತಿಯಾಗಿ ತಪ್ಪಿಸಬಹುದು. ಫ್ರಾಂಕಿನ್ಸೆನ್ಸ್ ಒಗ್ಗುವುದಿಲ್ಲ ಎನ್ನುವವರಲ್ಲಿ ಹಲವರು ದೂರುತ್ತಿರುವುದು ಈ ಕೊನೆಯ ಐದು ನಿಮಿಷಗಳನ್ನು ಎಂದು ನನ್ನ ಅನುಮಾನ.

ಲಾವೋಸ್ ಮತ್ತು ವಿಯೆಟ್ನಾಂ ಕಡೆಯಿಂದ ಬರುವ ಸಯಾಮ್ ಬೆಂಜೊಯಿನ್ ಬಾದಾಮಿಯಾಕಾರದ ಬಿಡಿ ಹರಳುಗಳಾಗಿ ದೊರೆಯುತ್ತದೆ. ಇದರ ಪರಿಮಳ ವೆನಿಲ್ಲಾಕ್ಕೆ ಹತ್ತಿರ. ಅದರಲ್ಲಿ ವೆನಿಲಿನ್ ನಿಜವಾಗಿಯೂ ಇದೆ. ತೊಂದರೆ ಬೆಂಜೋಯಿಕ್ ಆಮ್ಲದ್ದು. ಕಾಯಿಸಿದಾಗ ಈ ಆಮ್ಲ ಆವಿಯಾಗಿ, ತಣ್ಣನೆಯ ಗಾಳಿಯಲ್ಲಿ ಮತ್ತೆ ಸಣ್ಣ ಬಿಳಿ ಹರಳಾಗುತ್ತದೆ. ಧೂಪದಾನಿಯ ಲೋಹದ ಮುಚ್ಚಳದ ಒಳಮೈಯಲ್ಲಿ ಮಂಜಿನಂಥ ಪದರ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಅದೇ ಆವಿ ಗಂಟಲಿಗೆ ಹೋದರೆ ಘಾಟು, ಕೆಮ್ಮು. ಕೆಂಡ ಹೆಚ್ಚು ಬಿಸಿಯಾದಷ್ಟೂ ಅದು ಒಮ್ಮೆಗೇ ಎದ್ದು ಬರುವುದರಿಂದ, ನೇರವಾಗಿ ಕೆಂಡದ ನಡುವೆ ಇಟ್ಟ ಹರಳು ಎರಡು ನಿಮಿಷಗಳಲ್ಲಿ ಕೋಣೆಯನ್ನು ಬಿಳುಪಾಗಿಸಿ ಮುಗಿದುಹೋಯಿತು. ಕೆಂಡದ ಮೇಲೆ ಬೆರಳಿನ ದಪ್ಪದಷ್ಟು ಬೂದಿ ಹರಡಿ ಅದರ ಮೇಲೆ ಇಟ್ಟ ಹರಳು ಹದಿನೈದು ನಿಮಿಷ ಮೆಲ್ಲನೆ ಕರಗುತ್ತಾ, ಘಾಟಿಲ್ಲದೆ ಪರಿಮಳ ಕೊಟ್ಟಿತು. ಕರಗಿದ್ದು ಹರಿದು ಬಿಲ್ಲೆಯ ಅಂಚಿನಿಂದ ಕೆಳಗಿಳಿಯದಂತೆ ಬೂದಿಯಲ್ಲಿ ಸಣ್ಣ ಗುಳಿ ಮಾಡುವುದೂ ಅಗತ್ಯ. ಪುಡಿ ಮಾಡಿ ಹಾಕುವುದು ಈ ರಾಳಕ್ಕೆ ಅತ್ಯಂತ ಕೆಟ್ಟ ವಿಧಾನ.

ಲೋಬಾನದ ಗಟ್ಟಿಯ ಬಗ್ಗೆ ಹೆಚ್ಚು ಹೇಳಲು ಉಳಿದಿಲ್ಲ. ಸುಮಾತ್ರಾದ ಬೆಂಜೊಯಿನ್‌ನಲ್ಲಿ ವೆನಿಲ್ಲಾಕ್ಕಿಂತ ಸಿನಮಿಕ್ ಆಮ್ಲದ ಭಾರವಾದ ಪರಿಮಳವೇ ಮುಂದಿರುತ್ತದೆ. ಅದರೊಳಗಿನ ತೊಗಟೆ ಬೆಂಕಿ ಹಿಡಿದಾಗ ಸೌದೆಯ ಹೊಗೆ ಬೆರೆಯುತ್ತದೆ. ಒಡೆದು, ಬಿಳಿಯ ಚೂರುಗಳನ್ನಷ್ಟೇ ಆರಿಸಿ ಹಾಕಿದಾಗ ಅದು ಸಯಾಮ್ ಹರಳಿಗೆ ಬಹುಮಟ್ಟಿಗೆ ಸರಿಗಟ್ಟಿತು. ಪರಿಮಳದಲ್ಲಿ ನನ್ನ ಆಯ್ಕೆ ಬೂದಿಯ ಮೇಲಿಟ್ಟ ಸಯಾಮ್ ಹರಳು. ಆದರೆ ಕೆಮ್ಮುವವರು ಮನೆಯಲ್ಲಿದ್ದರೆ ಫ್ರಾಂಕಿನ್ಸೆನ್ಸ್, ಅದೂ ಗಡ್ಡೆಯನ್ನು ಸಮಯಕ್ಕೆ ಸರಿಯಾಗಿ ಎತ್ತುವ ಷರತ್ತಿನ ಮೇಲೆ.

ಈಗ ಗಾಳಿಯ ವಿಚಾರ. ಮುಚ್ಚಿದ ಕೋಣೆಯಲ್ಲಿ ಮುಕ್ಕಾಲು ಗಂಟೆಯ ಹೊತ್ತಿಗೆ ಮಾಪಕ ತೋರಿಸಿದ ಮೊನಾಕ್ಸೈಡ್ ಫ್ರಾಂಕಿನ್ಸೆನ್ಸ್ ಹಾಕಿದಾಗ 39, ಬೆಂಜೊಯಿನ್ ಹಾಕಿದಾಗ 41, ಲೋಬಾನ ಹಾಕಿದಾಗ 42 ಪಿಪಿಎಂ. ನಾಲ್ಕನೆಯ ಸಲ ಯಾವ ರಾಳವನ್ನೂ ಹಾಕದೆ ಬರಿಯ ಕೆಂಡವನ್ನೇ ಇಟ್ಟೆ. ಬಾಗಿಲು ತೆಗೆದಾಗ ಕಣ್ಣಿಗೆ ಹೊಗೆ ಕಾಣಲಿಲ್ಲ, ಮೂಗಿಗೆ ಹೇಳಿಕೊಳ್ಳುವಂಥ ವಾಸನೆಯೂ ಬರಲಿಲ್ಲ. ಮಾಪಕದಲ್ಲಿ 40 ಇತ್ತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತು ಗ್ರಾಂ ತೂಗುವ ಬಿಲ್ಲೆಯಲ್ಲಿ ಎಂಟು ಗ್ರಾಂ ಇಂಗಾಲವಿದೆ ಎಂದೂ, ಅದರಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಮೊನಾಕ್ಸೈಡ್ ಆಗಿ ಹೊರಡುತ್ತದೆ ಎಂದೂ ಹಿಡಿಯೋಣ. ಆಗ ಹುಟ್ಟುವ ಅನಿಲ 1.9 ಗ್ರಾಂನಷ್ಟು. ಅದು 30 ಘನ ಮೀಟರ್ ಗಾಳಿಯಲ್ಲಿ ಉಳಿದರೆ ಪ್ರತಿ ಘನ ಮೀಟರಿಗೆ 60 ಮಿಲಿಗ್ರಾಂ ದಾಟುತ್ತದೆ. ಅಂದರೆ 50 ಪಿಪಿಎಂಗೂ ಮೇಲೆ. ಬಾಗಿಲಿನ ಸಂದುಗಳಲ್ಲಿ ಸ್ವಲ್ಪ ಸೋರಿಹೋಗುವುದರಿಂದ ಮಾಪಕದ ಅಂಕಿ ಅದಕ್ಕಿಂತ ಕಡಿಮೆ. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಒಂದು ಗಂಟೆಯ ಮಿತಿ 35 ಮಿಲಿಗ್ರಾಂ, ಸುಮಾರು 30 ಪಿಪಿಎಂ. ಒಂದೇ ಬಿಲ್ಲೆ, ಒಂದೇ ಮುಚ್ಚಿದ ಕೋಣೆ, ಮಿತಿ ದಾಟಿತು. ಅದೇ ಕೋಣೆಯ ಗಾಳಿ ಗಂಟೆಗೆ ಐದು ಸಲ ಬದಲಾದರೆ, ಅದೇ ಲೆಕ್ಕದಲ್ಲಿ ಅಂಕಿ 17 ಮಿಲಿಗ್ರಾಂನ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಕಿಟಕಿಯನ್ನು ಎಷ್ಟು ತೆರೆಯಬೇಕೆಂಬುದನ್ನು ಹೊಗೆ ನೋಡಿ ನಿರ್ಧರಿಸುವುದು ತಪ್ಪು. ಕೆಂಡವನ್ನು ನೋಡಿ ನಿರ್ಧರಿಸಬೇಕು. ಹಗುರವಾದ ಹೊಗೆಯ ಫ್ರಾಂಕಿನ್ಸೆನ್ಸ್ ಆರಿಸಿದವರು ಇದೇ ಕಾರಣಕ್ಕೆ ಹೆಚ್ಚು ಸುಲಭವಾಗಿ ಮೋಸಹೋಗುತ್ತಾರೆ.

ಗಾಳಿ ಬದಲಾಗಬೇಕಾದರೆ ಒಳಬರುವ ದಾರಿಯೂ ಹೊರಹೋಗುವ ದಾರಿಯೂ ಬೇಕು. ಒಂದೇ ಕಿಟಕಿಯನ್ನು ಪೂರ್ತಿಯಾಗಿ ತೆರೆದುದಕ್ಕಿಂತ ಎದುರುಬದುರಿನ ಎರಡನ್ನು ಗೇಣಗಲ ತೆರೆದದ್ದು ನನ್ನ ಕೋಣೆಯಲ್ಲಿ ಹೆಚ್ಚು ಕೆಲಸ ಮಾಡಿತು. ಎಗ್ಸಾಸ್ಟ್ ಫ್ಯಾನ್ ಇದ್ದರೂ ಬಾಗಿಲು ಮುಚ್ಚಿದ್ದರೆ ಎಳೆದುಕೊಳ್ಳಲು ಗಾಳಿಯೇ ಇಲ್ಲದೆ ಅದು ಸುಮ್ಮನೆ ಸದ್ದು ಮಾಡುತ್ತಿರುತ್ತದೆ. ಗಾಳಿ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ತೆಳುವಾದ ಕಾಗದದ ಪಟ್ಟಿಯೊಂದನ್ನು ಎರಡೂ ಕಿಟಕಿಗಳ ಬಳಿ ಹಿಡಿದು ಮೊದಲೇ ಕಂಡುಕೊಂಡು, ಧೂಪದಾನಿಯನ್ನು ಗಾಳಿ ಹೊರಹೋಗುವ ಕಿಟಕಿಯಿಂದ ಒಂದು ಮೀಟರಿನೊಳಗೆ, ಪರದೆ ಸರಿಸಿ, ಮರಳು ತುಂಬಿದ ತಟ್ಟೆಯ ಮೇಲೆ ಇಡಬೇಕು. ಕುಳಿತುಕೊಳ್ಳುವವರು ಗಾಳಿ ಒಳಬರುವ ಕಡೆಯಲ್ಲಿರಬೇಕು. ಹೀಗೆ ಇಟ್ಟಾಗ ನನ್ನ ಕುರ್ಚಿಯ ಬಳಿ ಮಾಪಕ 6 ಪಿಪಿಎಂ ದಾಟಲಿಲ್ಲ, ಪರಿಮಳವೂ ಸಾಕಷ್ಟು ತಲುಪಿತು. ಸೀಲಿಂಗ್ ಫ್ಯಾನ್ ಹಾಕಿ ನೋಡಿದೆ. ಅದು ಗಾಳಿಯನ್ನು ಕಲಕಿತೇ ಹೊರತು ಹೊರಗೆ ಕಳಿಸಲಿಲ್ಲ, ಜೊತೆಗೆ ಬೂದಿ ಹಾರಿಸಿತು. ಗಾಳಿ ಶುದ್ಧೀಕರಣ ಯಂತ್ರದ ಹೆಪಾ ಫಿಲ್ಟರ್ ಹೊಗೆಯ ಕಣಗಳನ್ನು ಹಿಡಿಯುತ್ತದೆ, ಮೊನಾಕ್ಸೈಡನ್ನು ಹಿಡಿಯುವುದಿಲ್ಲ; ಹೊಗೆ ಮಾಯವಾದದ್ದನ್ನು ಕಂಡು ಕಿಟಕಿ ಮುಚ್ಚುವವರಿಗೆ ಅದು ಇನ್ನಷ್ಟು ಅಪಾಯ.

ಕಿಟಕಿ ತೆರೆದಿದ್ದರೂ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿದರೆ ಅದನ್ನು ಪರಿಮಳದ ತೀವ್ರತೆಗೆ ಹೊರಿಸದೆ ತಕ್ಷಣ ಹೊರಗೆ ಹೋಗಬೇಕು. ಉಬ್ಬಸದವರು, ಗರ್ಭಿಣಿಯರು, ಹಸುಗೂಸುಗಳು ಇರುವ ಕೋಣೆಯಲ್ಲಿ ಕೆಂಡವನ್ನೇ ಬಿಟ್ಟು, ಬಿಸಿಯನ್ನು ಹೊಂದಿಸಬಹುದಾದ ವಿದ್ಯುತ್ ಧೂಪದಾನಿಯನ್ನು ದೂರದಲ್ಲಿ ಬಳಸುವುದು ಮೇಲು. ಆಗ ಇದ್ದಿಲಿನ ಮೊನಾಕ್ಸೈಡ್ ಇರುವುದಿಲ್ಲ, ಆದರೆ ರಾಳದ ಹೊಗೆಯ ಕಣಗಳು ಇದ್ದೇ ಇರುತ್ತವೆ, ಕಿಟಕಿಯೂ ತೆರೆದೇ ಇರಬೇಕು.

ಆರಂಭ ಮತ್ತು ಅಂತ್ಯ ಎರಡನ್ನೂ ಹೊರಗೆ ಮಾಡುವುದು ಒಳ್ಳೆಯದು. ಬೇಗ ಹತ್ತಿಕೊಳ್ಳುವ ಬಿಲ್ಲೆಗಳಿಗೆ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿರುವುದರಿಂದ ಅಂಚಿಗೆ ಬೆಂಕಿ ತಾಗಿಸಿದೊಡನೆ ಕಿಡಿಗಳು ಬಿಲ್ಲೆಯ ಉದ್ದಕ್ಕೂ ಓಡುತ್ತವೆ, ಮದ್ದಿನ ವಾಸನೆಯ ಹೊಗೆ ಬರುತ್ತದೆ. ಇಕ್ಕಳದಲ್ಲಿ ಹಿಡಿದು ಹೊರಗೆ ಹೊತ್ತಿಸಿ, ಮೈಯೆಲ್ಲ ಬೂದಿಬಣ್ಣಕ್ಕೆ ತಿರುಗುವವರೆಗೆ ಕಾದು ಒಳಗೆ ತರಬೇಕು. ಬೂದಿ ಕಟ್ಟುವ ಮೊದಲೇ ರಾಳ ಹಾಕಿದರೆ ಯಾವ ರಾಳವೇ ಆಗಲಿ ಸೀದ ವಾಸನೆಯನ್ನೇ ಕೊಡುತ್ತದೆ. ಕೊನೆಯಲ್ಲಿ, ಪರಿಮಳ ನಿಂತು ಒಂದು ಗಂಟೆಯಾಗಿದೆ, ಬಿಲ್ಲೆ ಪೂರ್ತಿ ಬೂದಿಯಾಗಿದೆ ಎಂದು ನಾನು ಭಾವಿಸಿದ್ದ ಒಂದು ದಿನ ಅದನ್ನು ಇಕ್ಕಳದಿಂದ ಒಡೆದಾಗ ನಡುವೆ ಇನ್ನೂ ಕೆಂಪಗಿತ್ತು, ಮಾಪಕವೂ ಸೊನ್ನೆಗೆ ಇಳಿದಿರಲಿಲ್ಲ. ಅಂದಿನಿಂದ ಬಿಲ್ಲೆಯನ್ನು ಹೊರಗೆ ಒಯ್ದು, ಬಕೆಟ್ ನೀರಿನಲ್ಲಿ ಮುಳುಗಿಸಿ, ಕಿಟಕಿಗಳನ್ನು ಮತ್ತೆ ಅರ್ಧ ಗಂಟೆ ತೆರೆದಿಟ್ಟು ಮುಚ್ಚುತ್ತೇನೆ.