‘ಡೇಟಾ ರಿಕವರಿ’ ಅಂತ 18,000 ಕೇಳಿದ್ರೆ ಕೊಡಬೇಡಿ: ಶೇರ್‌ಪಾಯಿಂಟ್‌ನಲ್ಲಿ ಎರಡನೇ ಕಸದಬುಟ್ಟಿ ಇದೆ

ಇದನ್ನು ಕೋಪದಲ್ಲೇ ಬರೆಯುತ್ತಿದ್ದೇನೆ. ಹಿಂದೆಮುಂದೆ ಆಗಿದ್ದರೆ ಸಹಿಸಿಕೊಳ್ಳಿ.

ನಮ್ಮದು ಶಿಕ್ಷಕರಿಗೆ ತರಬೇತಿ ಕೊಡುವ ಚಿಕ್ಕ ಸಂಸ್ಥೆ. ಎಲ್ಲ ಕೆಲಸ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಟೀಮ್ ಸೈಟ್‌ನಲ್ಲೇ, ಅಂದ್ರೆ ಆನ್‌ಲೈನ್‌ನಲ್ಲಿ ಫೈಲು, ಪುಟ ಇಟ್ಟು ಎಲ್ಲರೂ ಸೇರಿ ಕೆಲಸ ಮಾಡುವ ಜಾಗದಲ್ಲಿ. ಜಿಲ್ಲೆಗೊಂದು ಪುಟ, ಪುಟದಲ್ಲಿ ಫೋಟೋ, ವೇಳಾಪಟ್ಟಿ, ಕೆಳಗೆ ಪಾಠದ ಫೈಲುಗಳು. ಸೈಟ್ ನೋಡಿಕೊಳ್ಳೋಕೆ ಹೊರಗಿನ ಒಬ್ಬ ಐಟಿಯವನಿಗೆ ವಾರ್ಷಿಕ ಗುತ್ತಿಗೆ ಕೊಟ್ಟಿದ್ದೆವು. ಹೆಸರು ಹೇಳಲ್ಲ. ಅವನಂಥವರು ಎಲ್ಲ ಊರಲ್ಲೂ ಇದ್ದಾರೆ.

ಮಾರ್ಚ್ 3ರಂದು ಕೆಲಸ ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ‘ಹಳೆಯದು’ ಅಂತ ಅಂದುಕೊಂಡು ಒಂದು ಫೋಲ್ಡರ್, ಕೆಲವು ಜಿಲ್ಲೆಗಳ ಪುಟಗಳು, ಜೊತೆಗೆ ಇನ್ನೊಂದಿಷ್ಟು ಅಳಿಸಿದ್ದರು. ಅಲ್ಲಿಗೆ ಏನೂ ಆಗಿರಲಿಲ್ಲ. ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುತ್ತೆ, ಬೇಕಾದಾಗ ವಾಪಸ್ ತರಬಹುದು. ಮೇ 20ಕ್ಕೆ ಐಟಿಯವನ ಹುಡುಗ ‘ಮೇಂಟೆನೆನ್ಸ್’ ಅಂತ ಬಂದು ಆ ಬಿನ್ ಖಾಲಿ ಮಾಡಿ ಹೋದ. ಎರಡು ದಿನ ಬಿಟ್ಟು ಪುಟಗಳು ಇಲ್ಲ ಅನ್ನೋದು ನಮಗೆ ಗೊತ್ತಾಯಿತು. ಫೋನ್ ಮಾಡಿದೆ.

“ಸರ್, ಬಿನ್ ಖಾಲಿ ಆಗಿದೆ. ಹೋಯ್ತು ಸರ್.”

ಖಾಲಿ ಮಾಡಿದ್ದೇ ನಿಮ್ಮ ಹುಡುಗ ಅಲ್ವಾ ಅಂದೆ.

“ಸರ್, ಅದು ಪಾಲಿಸಿ ಸರ್. ಈಗ ಒಂದೇ ದಾರಿ, ಸರ್ವರ್ ಲೆವೆಲ್ ರಿಕವರಿ. ಟೂಲ್ ಇದೆ ನಮ್ಮ ಹತ್ರ. ಸರ್ವರ್ ಹೊರದೇಶದಲ್ಲಿ ಇರೋದ್ರಿಂದ ಡೀಪ್ ಸ್ಕ್ಯಾನ್ ಆಗಬೇಕು. 18,000 ಆಗುತ್ತೆ, ಜಿಎಸ್‌ಟಿ ಬೇರೆ.”

ಮೊದಲು ಕೊಟೇಶನ್ ಕಳಿಸೋದಕ್ಕೇ ದಿನ ತಳ್ಳಿದ. ಅಲ್ಲಿವರೆಗೆ ‘ಅರ್ಜೆಂಟ್ ಇರೋ ಪುಟಗಳನ್ನ ನೀವೇ ಹೊಸದಾಗಿ ಮಾಡ್ಕೊಳ್ಳಿ ಸರ್’ ಅಂದ. ನಾವು ಎರಡು ಜಿಲ್ಲೆಯ ಪುಟಗಳನ್ನು ಅದೇ ಹೆಸರಲ್ಲಿ ಮತ್ತೆ ಕಟ್ಟಿದೆವು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮೇ 29, ಶುಕ್ರವಾರ, ದುಡ್ಡು ಹಾಕಿದೆವು. “ಸರ್, ಸ್ಕ್ಯಾನ್ ರಾತ್ರಿಯೆಲ್ಲ ಓಡುತ್ತೆ. ಸೋಮವಾರದವರೆಗೆ ಯಾರೂ ಸೈಟ್ ತೆಗೀಬೇಡಿ, ಡೇಟಾ ಕರಪ್ಟ್ ಆಗುತ್ತೆ.” ಆಫೀಸಲ್ಲಿ ಎಲ್ಲರಿಗೂ ಮೆಸೇಜ್ ಮಾಡಿ ಹೇಳಿದವನು ನಾನೇ. ಸೈಟ್ ತೆಗೀಬೇಡಿ, ಡೀಪ್ ಸ್ಕ್ಯಾನ್ ನಡೀತಾ ಇದೆ ಅಂತ! ಆ ಮೆಸೇಜ್ ಇನ್ನೂ ಗ್ರೂಪಲ್ಲಿದೆ, ಎಲ್ಲರೂ ಈಗ ಅದನ್ನೇ ತೋರಿಸಿ ನಗ್ತಾರೆ.

ಸೋಮವಾರ ನೋಡಿದರೆ ಫೈಲುಗಳು ಬಂದಿದ್ದವು. ಪುಟಗಳೂ ಬಂದಿದ್ದವು, ನಾವು ಹೊಸದಾಗಿ ಮಾಡಿದ ಆ ಎರಡು ಜಿಲ್ಲೆಯ ಹಳೆಯ ಪುಟಗಳನ್ನು ಬಿಟ್ಟು. ಆದರೆ ಬಂದ ಪುಟಗಳಲ್ಲಿ ಒಂದೂ ಫೋಟೋ ಇಲ್ಲ, ಎಲ್ಲ ಕಡೆ ಖಾಲಿ ಚೌಕ. ಕೇಳಿದ್ದಕ್ಕೆ ಬಂದ ಉತ್ತರ: “ಆ ಎರಡು ಕರಪ್ಟ್ ಸರ್, ಬರಲ್ಲ. ಇಮೇಜ್ ರಿಕವರಿ ಬೇರೆ ಮಾಡ್ಯೂಲ್ ಸರ್. ಅದಕ್ಕೆ 9,000. ಮುಂದಿನ ವಾರ ಮಾಡೋಣ.”

ಮುಂದಿನ ವಾರ! ಈ ‘ಮುಂದಿನ ವಾರ’ ಎಂಥ ಮಾತು ಅಂತ ಆಗ ನನಗೆ ಗೊತ್ತಿರಲಿಲ್ಲ.

ಮಂಗಳವಾರ, ಜೂನ್ 2, ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಪುಣೆಯಲ್ಲಿ ಇದೇ ಶೇರ್‌ಪಾಯಿಂಟ್ ಕೆಲಸ ಮಾಡ್ತಾನೆ. ಮೊದಲು ಅವನು ಕೇಳಿದ್ದು: “ಅಣ್ಣಾ, ವಾಪಸ್ ಬಂದ ಫೈಲಿನ ವರ್ಷನ್ ಹಿಸ್ಟರಿ ತೆಗೆದು ನೋಡು.” ತೆಗೆದೆ. ಹಳೆಯ ವರ್ಷನ್‌ಗಳೆಲ್ಲ ಹಾಗೇ ಇದ್ದವು, ಯಾರು ಯಾವಾಗ ತಿದ್ದಿದರು ಅನ್ನೋದೂ ಇತ್ತು. “ಹೊರಗಿನ ಟೂಲ್‌ನಿಂದ ಎತ್ತಿ ಮತ್ತೆ ಅಪ್‌ಲೋಡ್ ಮಾಡಿದ್ರೆ ಇದು ಹೀಗೆ ಇರುತ್ತಾ? ಅಪ್‌ಲೋಡ್ ಮಾಡಿದವನ ಹೆಸರು, ಶುಕ್ರವಾರದ ತಾರೀಕು ಕಾಣ್ತಿತ್ತು. ಅಣ್ಣಾ, ಯಾವ ಟೂಲೂ ಇಲ್ಲ. ಸೆಕೆಂಡ್ ಸ್ಟೇಜಿಂದ ರಿಸ್ಟೋರ್ ಮಾಡಿದ್ದಾನೆ.”

ಸೆಕೆಂಡ್ ಸ್ಟೇಜ್ ಅಂದ್ರೆ? ಇದನ್ನ ಎಲ್ಲರೂ ತಿಳ್ಕೊಳ್ಳಿ. ಶೇರ್‌ಪಾಯಿಂಟ್‌ನಲ್ಲಿ ನಾವು ನೋಡುವ ರಿಸೈಕಲ್ ಬಿನ್ ಖಾಲಿ ಮಾಡಿದರೆ ವಸ್ತು ಅಳಿದು ಹೋಗಲ್ಲ. ಅದು ಇನ್ನೊಂದು ಬಿನ್‌ಗೆ ಜಾರುತ್ತೆ. ಆ ಎರಡನೇ ಬಿನ್ ಸೈಟ್ ಅಡ್ಮಿನ್‌ಗೆ ಮಾತ್ರ ಕಾಣುತ್ತೆ. ಸಾಮಾನ್ಯ ಸದಸ್ಯರಿಗೆ ಅಲ್ಲಿಗೆ ಹೋಗುವ ಕೊಂಡಿಯೇ ಇರಲ್ಲ. ನಮ್ಮ ಐಟಿಯವನು ಸೈಟ್ ಮಾಡುವಾಗ ನಮ್ಮನ್ನೆಲ್ಲ ಬರೀ ಮೆಂಬರ್ ಮಾಡಿ, ಓನರ್ ಜಾಗದಲ್ಲಿ ತಾನೊಬ್ಬನೇ ಕೂತಿದ್ದ. ನಮ್ಮ ಮನೆಯ ಅಟ್ಟದ ಮೇಲಿದ್ದ ಪಾತ್ರೆ ಇಳಿಸಿಕೊಟ್ಟು ಹೊಸ ಪಾತ್ರೆಯ ದುಡ್ಡು ತಗೊಂಡ ಹಾಗೆ, ಅದೂ ಏಣಿ ತಾನೇ ಬಚ್ಚಿಟ್ಟುಕೊಂಡು.

ಅದೃಷ್ಟಕ್ಕೆ ನಮ್ಮ ನಿರ್ದೇಶಕಿ ಮೇಡಂ ಹತ್ತಿರ ಮೊದಲು ಅಕೌಂಟ್ ತೆಗೆದಾಗಿನ ಗ್ಲೋಬಲ್ ಅಡ್ಮಿನ್ ಪಾಸ್‌ವರ್ಡ್ ಇತ್ತು. ಮೇಡಂ ಲಾಗಿನ್ ಆದರು. ಶೇರ್‌ಪಾಯಿಂಟ್ ಅಡ್ಮಿನ್ ಸೆಂಟರ್‌ನ `Active sites` ಪಟ್ಟಿಯಲ್ಲಿ ನಮ್ಮ ಸೈಟ್ ಹುಡುಕಿ, ನನ್ನನ್ನು ಸೈಟ್ ಅಡ್ಮಿನ್ ಮಾಡಿದರು. ಆಮೇಲೆ ನಾನು ಸೈಟ್‌ಗೆ ಬಂದು `Site contents` ತೆಗೆದು, `Recycle bin` ಒತ್ತಿದೆ. ಖಾಲಿ. “ಕೆಳಗೆ ಹೋಗು ಅಣ್ಣಾ, ಪುಟದ ತಳಕ್ಕೆ” ಅಂದ. ತಳದಲ್ಲಿ ಒಂದು ಸಾಲು, ಅದರಲ್ಲಿ `Second-stage recycle bin` ಅನ್ನೋ ಕೊಂಡಿ.

ಒತ್ತಿದೆ. ಅಲ್ಲಿದ್ದವು. ‘ಬೇರೆ ಮಾಡ್ಯೂಲ್’ ಬೇಕು ಅಂದ ಫೋಟೋಗಳು, ‘ಕರಪ್ಟ್’ ಅಂದ ಆ ಎರಡು ಪುಟಗಳು. ಅಳಿಸಿದವರ ಹೆಸರು, ಅಳಿಸಿದ ತಾರೀಕು, ಮೊದಲಿದ್ದ ಜಾಗ, ಎಲ್ಲ ಎದುರಿಗೇ. ಆ ಹೊತ್ತಿಗೆ ಆದ ಅವಮಾನ ಹೇಳೋಕಾಗಲ್ಲ. ಮೇಡಂ ಪಕ್ಕದಲ್ಲೇ ನಿಂತಿದ್ದರು. “ಇಷ್ಟೇನಾ?” ಅಂದರು. ಇಷ್ಟೇ.

ಫೋಟೋ ಯಾಕೆ ಬಂದಿರಲಿಲ್ಲ? ಪುಟ ಇರುವುದು `Site Pages` ಅನ್ನೋ ಲೈಬ್ರರಿಯಲ್ಲಿ. ಪುಟಕ್ಕೆ ನಾವು ಅಪ್‌ಲೋಡ್ ಮಾಡಿದ ಫೋಟೋ ಹೋಗುವುದು `Site Assets` ಒಳಗಿನ `SitePages` ಫೋಲ್ಡರ್‌ಗೆ, ಅಲ್ಲಿ ಒಂದೊಂದು ಪುಟದ ಹೆಸರಲ್ಲಿ ಒಂದೊಂದು ಫೋಲ್ಡರ್. ನಮ್ಮ ಸಹೋದ್ಯೋಗಿ ಅದನ್ನೂ ಅಳಿಸಿದ್ದರು. ಪುಟ ಮಾತ್ರ ರಿಸ್ಟೋರ್ ಮಾಡಿದರೆ ಚಿತ್ರದ ಜಾಗ ಖಾಲಿ. ಆ ಫೋಲ್ಡರ್‌ಗಳನ್ನು ಟಿಕ್ ಮಾಡಿ `Restore` ಒತ್ತಿದೆ. ಪುಟ ರಿಫ್ರೆಶ್ ಮಾಡಿದರೆ ಫೋಟೋಗಳು ಇದ್ದ ಜಾಗದಲ್ಲೇ. 9,000 ರೂಪಾಯಿಯ ಮಾಡ್ಯೂಲ್ ಇದು!

‘ಕರಪ್ಟ್’ ಆದ ಎರಡು ಪುಟದ ಕಥೆಯೂ ಕೇಳಿ. ರಿಸ್ಟೋರ್ ಮಾಡಿದ ವಸ್ತು ಹಳೆಯ ಜಾಗಕ್ಕೇ ಹೋಗುತ್ತೆ. ಅಲ್ಲಿ ಅದೇ ಹೆಸರಿನದು ಇನ್ನೊಂದು ಇದ್ದರೆ ಎರರ್ ಬಂದು ನಿಲ್ಲುತ್ತೆ. ಅವನೇ ‘ಹೊಸದಾಗಿ ಮಾಡ್ಕೊಳ್ಳಿ’ ಅಂದನಲ್ಲ, ಆ ಹೊಸ ಪುಟಗಳೇ ಅಡ್ಡ ಕೂತಿದ್ದವು. ಹೊಸದರ ಹೆಸರು ಬದಲಿಸಿದೆ, ಹಳೆಯದನ್ನು ರಿಸ್ಟೋರ್ ಮಾಡಿದೆ, ಬಂತು. ಕರಪ್ಟ್ ಅಂತೆ ಕರಪ್ಟ್.

ಈಗ ‘ಮುಂದಿನ ವಾರ’ದ ವಿಷಯ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ, ದುಡ್ಡಿಗಿಂತ ಜಾಸ್ತಿ. ಅಳಿಸಿದ ವಸ್ತು ಎರಡೂ ಬಿನ್ ಸೇರಿ ಒಟ್ಟು 93 ದಿನ ಇರುತ್ತೆ. ಮೊದಲನೆಯದರಲ್ಲಿ 93, ಎರಡನೆಯದರಲ್ಲಿ ಮತ್ತೆ 93 ಅಲ್ಲ. ಮೊದಲು ಅಳಿಸಿದ ದಿನದಿಂದಲೇ ಲೆಕ್ಕ. ಮೊದಲ ಬಿನ್ ಖಾಲಿ ಮಾಡಿದ ದಿನಕ್ಕೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ. ನಮ್ಮದು ಅಳಿದಿದ್ದು ಮಾರ್ಚ್ 3. ಅಲ್ಲಿಂದ 93 ಎಣಿಸಿದರೆ ಜೂನ್ 4. ನಾವು ತೆಗೆದು ನೋಡಿದ್ದು ಜೂನ್ 2. ಅವನ ‘ಮುಂದಿನ ವಾರ’ಕ್ಕೆ ಕಾದಿದ್ದರೆ ಫೋಟೋಗಳೂ ಇಲ್ಲ, ಆ ಎರಡು ಪುಟಗಳೂ ಇಲ್ಲ. ಅವನಿಗೆ ಈ ಲೆಕ್ಕ ಗೊತ್ತಿತ್ತೋ ಇಲ್ವೋ. ಗೊತ್ತಿದ್ದರೆ ಮೋಸ, ಗೊತ್ತಿಲ್ಲದಿದ್ದರೆ ಗುತ್ತಿಗೆ ಯಾಕೆ ತಗೊಂಡ?

ಎರಡನೇ ಬಿನ್ನೂ ಖಾಲಿ ಆದರೆ ಅಥವಾ 93 ದಿನ ಮುಗಿದರೆ ಉಳಿಯೋದು ಒಂದು ಕಿಟಕಿ ಮಾತ್ರ. ಮೈಕ್ರೋಸಾಫ್ಟ್ ಇನ್ನೂ 14 ದಿನ ಬ್ಯಾಕಪ್ ಇಟ್ಟಿರುತ್ತೆ. ಅಡ್ಮಿನ್ ಸೆಂಟರ್‌ನಿಂದ ಅಡ್ಮಿನ್ನೇ ಸಪೋರ್ಟ್‌ಗೆ ಕೇಳಬೇಕು. ಅದರಲ್ಲೂ ಒಂದೊಂದು ಫೈಲ್ ಕೊಡಲ್ಲ, ಇಡೀ ಸೈಟನ್ನೇ ಹಿಂದಿನ ದಿನಕ್ಕೆ ತಿರುಗಿಸ್ತಾರೆ. ಆಮೇಲೆ ಮಾಡಿದ ಕೆಲಸವೆಲ್ಲ ಹೋಗುತ್ತೆ. ಮೊದಲೇ ಬೇರೆ ಬ್ಯಾಕಪ್ ಸೇವೆ ಕೊಂಡಿದ್ದರೆ, ಇಲ್ಲವೇ ಅಳಿಸಿದ್ದನ್ನೂ ಇಷ್ಟು ದಿನ ಉಳಿಸಿಡಬೇಕು ಅನ್ನೋ ರಿಟೆನ್ಷನ್ ಪಾಲಿಸಿ ಹಾಕಿದ್ದರೆ ಬೇರೆ ಮಾತು. ಎರಡೂ ಇಲ್ಲದವರಿಗೆ ಹೊರಗಿನವನು ‘ಸರ್ವರ್ ಲೆವೆಲ್ ಡೀಪ್ ಸ್ಕ್ಯಾನ್’ ಮಾಡಿಕೊಡ್ತೀನಿ ಅಂದರೆ ಅದು ಸುಳ್ಳು. ಆ ಸರ್ವರ್ ಅವನ ಕೈಗೆ ಸಿಗುವ ವಸ್ತುವೇ ಅಲ್ಲ.

ಚಿಕ್ಕಪ್ಪನ ಮಗ ಇನ್ನೊಂದು ಕೆಲಸ ಮಾಡಿಸಿದ. ಮೇಡಂ ಅಕೌಂಟಿನಿಂದ ಮೈಕ್ರೋಸಾಫ್ಟ್ ಪರ್ವ್ಯೂನಲ್ಲಿ ಆಡಿಟ್ ಲಾಗ್, ಅಂದ್ರೆ ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆ, ಹುಡುಕಿಸಿದ. ಮೇ 20ಕ್ಕೆ `FileDeletedFirstStageRecycleBin`, ಎದುರಿಗೆ ಐಟಿಯವನ ಹುಡುಗನ ಲಾಗಿನ್. ಮೇ 29, ಶುಕ್ರವಾರ, `FileRestored`, ಸಾಲು ಸಾಲು, ಎದುರಿಗೆ ಐಟಿಯವನದೇ ಲಾಗಿನ್. ಯಾವಾಗ? ನಾವು ದುಡ್ಡು ಹಾಕಿದ ಸ್ವಲ್ಪ ಹೊತ್ತಿಗೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿದೆ. ರಾತ್ರಿಯೆಲ್ಲ ಓಡಿದ ಸ್ಕ್ಯಾನ್ ಎಲ್ಲೂ ಇಲ್ಲ. ಸೈಟ್ ತೆಗೀಬೇಡಿ ಅಂದಿದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ?

ನಿಮಗೆ ಹೇಳೋದು ಸ್ವಲ್ಪವೇ. ನಿಮ್ಮ ಸಂಸ್ಥೆಯವರೇ ಕನಿಷ್ಠ ಇಬ್ಬರು ಸೈಟ್ ಅಡ್ಮಿನ್ ಆಗಿರಿ, ಗುತ್ತಿಗೆಯವನ ಕೈಗೆ ಪೂರ್ತಿ ಕೊಡಬೇಡಿ. ಏನಾದರೂ ಕಾಣೆಯಾದರೆ ಅದೇ ಹೆಸರಲ್ಲಿ ಹೊಸದು ಮಾಡಬೇಡಿ. ಮೊದಲು ಅಳಿದ ದಿನ ಯಾವುದು ಅಂತ ಹುಡುಕಿ, 93 ಎಣಿಸಿ. ಕೊಂಡಿ ಕಾಣದಿದ್ದರೆ ಅಡ್ಮಿನ್ ಆದವರು ಸೈಟ್ ವಿಳಾಸದ ಕೊನೆಗೆ ಇದನ್ನು ಸೇರಿಸಿ:

```
/_layouts/15/AdminRecycleBin.aspx?view=13
```

ಲಾಗ್‌ನ ಸ್ಕ್ರೀನ್‌ಶಾಟ್ ಅವನಿಗೆ ಕಳಿಸಿ ದುಡ್ಡು ವಾಪಸ್ ಕೇಳಿದೆ. ಮೊದಲು, “ಸರ್, ಟೂಲ್ ಕೂಡ ಅಲ್ಲಿಂದಾನೇ ತೆಗೆಯೋದು.” ಹಾಗಾದರೆ ಫೋಟೋ ಯಾಕೆ ತೆಗೀಲಿಲ್ಲ ಅಂದೆ. “ಸರ್, ನಮ್ಮ ಅನುಭವಕ್ಕೆ ಚಾರ್ಜು ಸರ್.” ಬಿಲ್‌ನಲ್ಲಿ ಅನುಭವ ಅಂತ ಬರೆದಿಲ್ಲ, `Deep scan data recovery` ಅಂತ ಬರೆದಿದೆ ಅಂದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಈಗ ಮೇಡಂ ಅವನ ಲಾಗಿನ್‌ಗಳನ್ನೆಲ್ಲ ತೆಗೆಸಿದ್ದಾರೆ, ಗುತ್ತಿಗೆಯ ಉಳಿದ ಕಂತು ತಡೆಹಿಡಿದಿದ್ದಾರೆ. ಅದಕ್ಕೆ ಮಾತ್ರ ದಿನಾ ಫೋನ್ ಬರ್ತಾ ಇದೆ.